18ನೇ ದಿನಕ್ಕೇ ಮುಗಿಯುತ್ತಿದ್ದ 20 ಜಿಬಿ: ಒಂದು ಫೋನಿನ ಲೆಕ್ಕ

ಅಕ್ಕನ ಫೋನಿಗೆ 30 ದಿನಕ್ಕೆ 20 ಜಿಬಿ ಡೇಟಾ ಇರುವ ಪ್ಲಾನ್. ಮೂರು ತಿಂಗಳಿಂದ ಅದು ತಿಂಗಳು ಪೂರ್ತಿ ಬರುತ್ತಿರಲಿಲ್ಲ. 18ನೇ ದಿನಕ್ಕೋ 19ನೇ ದಿನಕ್ಕೋ ಖಾಲಿ. ಉಳಿದ ದಿನಗಳನ್ನು ಟಾಪ್‌ಅಪ್ ಹಾಕಿಸಿಕೊಂಡು ಹೇಗೋ ತಳ್ಳುತ್ತಿದ್ದಳು. ಮನೆಯಲ್ಲಿ ವೈಫೈ ಇದೆ. ಆಫೀಸಿನಲ್ಲೂ ಇದೆ. ಮೊಬೈಲ್ ಡೇಟಾ ಬೇಕಾಗುವುದು ಓಡಾಡುವಾಗ ಮಾತ್ರ.

"ಬಸ್ಸಲ್ಲಿ ಅರ್ಧ ಗಂಟೆ ವಿಡಿಯೋ ನೋಡ್ತೀನಿ ಕಣೋ, ಅದೇ ತಿಂತಿರಬೇಕು" ಅಂತ ಅವಳೇ ತೀರ್ಪು ಕೊಟ್ಟುಕೊಂಡಿದ್ದಳು. ಹಿಂದಿನ ತಿಂಗಳು ಒಂದು ವಾರ ಹಟ ಹಿಡಿದು ವಿಡಿಯೋ ನೋಡದೆ ಕೂತಳು. ಡೇಟಾ ಎರಡೇ ದಿನ ಜಾಸ್ತಿ ಬಂತು. ಅಷ್ಟು ಕಷ್ಟಪಟ್ಟಿದ್ದಕ್ಕೆ ಎರಡು ದಿನವಾ ಅಂತ ಸಿಟ್ಟು ಬಂದು ಫೋನ್ ನನ್ನ ಕೈಗೆ ಕೊಟ್ಟಳು.

ಅವತ್ತು 27ನೇ ತಾರೀಖು. ಹಿಂದಿನ ರಾತ್ರಿಯೇ 20 ಜಿಬಿ ಮುಗಿದಿತ್ತು. ಬೆಳಿಗ್ಗೆ 3 ಜಿಬಿ ಟಾಪ್‌ಅಪ್ ಹಾಕಿಸಿದ್ದಳು. ಫೋನ್ ಆಂಡ್ರಾಯ್ಡ್. ಮುಂದೆ ಹೇಳುವ ಮೆನು ಹೆಸರುಗಳು ಆ ಫೋನಿನಲ್ಲಿ ಇದ್ದ ಹಾಗೆ ಇವೆ. ಬೇರೆ ಕಂಪನಿಯ ಫೋನಿನಲ್ಲಿ ಒಂದೆರಡು ಹೆಸರು ಬದಲಾಗಬಹುದು, ಒಳಗಿನ ಕೆಲಸ ಒಂದೇ.

ಮೊದಲು ತಾರೀಖು ಸರಿ ಮಾಡಬೇಕಿತ್ತು

Settings ಒಳಗೆ Network & internet, ಅಲ್ಲಿಂದ SIMs, ಅಲ್ಲಿ App data usage ಒತ್ತಿದೆ. ಮೇಲ್ಗಡೆ 21.7 ಜಿಬಿ ಅಂತ ತೋರಿಸಿತು. ಟೆಲಿಕಾಂ ಕಂಪನಿಯವರು 20 ಜಿಬಿ ಮುಗಿದಿದೆ ಅಂತ ಮೆಸೇಜ್ ಕಳಿಸಿದ್ದಾರೆ, ಫೋನ್ ನೋಡಿದರೆ 21.7 ಅನ್ನುತ್ತಿದೆ. "ನೋಡು, ಈ ಫೋನೇ ಸರಿ ಇಲ್ಲ" ಅಂದಳು ಅಕ್ಕ.

ಫೋನ್ ಸರಿಯಾಗೇ ಇತ್ತು. ಅದು ಲೆಕ್ಕ ಹಾಕುತ್ತಿದ್ದದ್ದು 1ನೇ ತಾರೀಖಿನಿಂದ. ಪ್ಲಾನ್ ಶುರುವಾಗುವುದು 9ಕ್ಕೆ. ಅಂದರೆ ಫೋನಿನ ಲೆಕ್ಕದಲ್ಲಿ ಹಿಂದಿನ ಪ್ಲಾನಿನ ಕೊನೆಯ ಎಂಟು ದಿನವೂ ಸೇರಿಕೊಂಡಿತ್ತು. ಆಂಡ್ರಾಯ್ಡ್‌ಗೆ ನಿಮ್ಮ ಪ್ಲಾನ್ ಯಾವತ್ತು ಶುರುವಾಗುತ್ತೆ ಅಂತ ತಾನಾಗಿ ಗೊತ್ತಾಗುವುದಿಲ್ಲ, ನಾವೇ ಹೇಳಬೇಕು. ಸಿಮ್ ಪುಟದಲ್ಲೇ Data warning & limit ಅಂತ ಇರುತ್ತೆ. ಅದರೊಳಗೆ Mobile data usage cycle. ಅಲ್ಲಿ 9 ಅಂತ ಹಾಕಿದೆ.

ಇದರಲ್ಲಿ ಒಂದು ಅನುಕೂಲ ಇದೆ. ತಾರೀಖು ಬದಲಿಸಿದರೆ ಲೆಕ್ಕ ಅವತ್ತಿನಿಂದ ಹೊಸದಾಗಿ ಶುರುವಾಗುವುದಿಲ್ಲ. ಹಿಂದಿನ ಬಳಕೆಯ ದಾಖಲೆ ಫೋನಿನಲ್ಲಿ ಇದ್ದೇ ಇರುತ್ತೆ, ಅದನ್ನೇ ಹೊಸ ತಾರೀಖಿನ ಪ್ರಕಾರ ಮತ್ತೆ ಕತ್ತರಿಸಿ ತೋರಿಸುತ್ತೆ. ಹಾಗಾಗಿ ಇನ್ನೊಂದು ತಿಂಗಳು ಕಾಯಬೇಕಾಗಲಿಲ್ಲ. 9ರಿಂದ ಆವತ್ತಿನವರೆಗೆ 19.3 ಜಿಬಿ ಅಂತ ಬಂತು. ಕಂಪನಿಯ 20ಕ್ಕೂ ಇದಕ್ಕೂ ಇರುವ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಬ್ಬರೂ ಬೇರೆ ಬೇರೆ ಕಡೆ ನಿಂತು ಎಣಿಸುತ್ತಾರೆ, ಪೂರ್ತಿ ಹೊಂದುವುದು ಅಪರೂಪ. ಆದರೆ ಈ ವ್ಯತ್ಯಾಸ ಇದೆ ಅನ್ನೋದು ನೆನಪಿರಲಿ, ಲಿಮಿಟ್ ಹಾಕುವಾಗ ಬೇಕಾಗುತ್ತೆ.

ಪಟ್ಟಿಯಲ್ಲಿ ಮೇಲಿದ್ದದ್ದು ಕಳ್ಳ ಅಲ್ಲ

ಈಗ ಪಟ್ಟಿ. ಎಲ್ಲಕ್ಕಿಂತ ಮೇಲೆ ವಿಡಿಯೋ ಆ್ಯಪ್, 7.1 ಜಿಬಿ. ಆಮೇಲೆ ಫೋಟೋ ಬ್ಯಾಕಪ್ ಆ್ಯಪ್ 5.2, ಮೆಸೇಜ್ ಆ್ಯಪ್ 2.9, ಹಾಟ್‌ಸ್ಪಾಟ್ 2.3, ಆ್ಯಪ್ ಇಳಿಸಿಕೊಳ್ಳುವ ಸ್ಟೋರ್ 0.6. ಉಳಿದ ಮೂವತ್ತು ನಲವತ್ತು ಆ್ಯಪ್ ಎಲ್ಲ ಸೇರಿ 1.2.

"ನಾನು ಹೇಳಲಿಲ್ವಾ" ಅಂದಳು ಅಕ್ಕ, ಮೊದಲನೇ ಸಾಲಿಗೆ ಬೆರಳಿಟ್ಟು.

ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ. ಮೇಲಿನ ಹೆಸರು ನೋಡಿ, ಅದನ್ನೇ ಬೈದು, ಮುಚ್ಚಿಬಿಡುತ್ತಾರೆ. ಈ ಪಟ್ಟಿ ಒಟ್ಟು ಬಳಕೆಯ ಪ್ರಕಾರ ಜೋಡಿಸಿರುತ್ತೆ. ನಮಗೆ ಬೇಕಾದದ್ದು ಅದಲ್ಲ. ಒಂದೊಂದು ಆ್ಯಪ್ ಮೇಲೂ ಒತ್ತಬೇಕು. ಒಳಗೆ ಎರಡು ಸಾಲು ಇರುತ್ತೆ: Foreground ಮತ್ತು Background. ಮೊದಲನೆಯದು ಆ್ಯಪ್ ನಮ್ಮ ಕಣ್ಣೆದುರು ತೆರೆದಿದ್ದಾಗ ಖರ್ಚಾದದ್ದು. ಎರಡನೆಯದು ಫೋನ್ ಬ್ಯಾಗಿನಲ್ಲಿ ಇದ್ದಾಗ, ಪರದೆ ಆಫ್ ಆಗಿದ್ದಾಗ, ಅಥವಾ ನಾವು ಬೇರೆ ಏನೋ ನೋಡುತ್ತಿದ್ದಾಗ ಹೋದದ್ದು.

ವಿಡಿಯೋ ಆ್ಯಪ್ ಒಳಗೆ ಹೋದೆ. Foreground 6.9, Background 0.2. ಅಂದರೆ ಅದು ತಿಂದದ್ದನ್ನೆಲ್ಲ ಅಕ್ಕ ಕಣ್ಣಾರೆ ನೋಡಿದ್ದಾಳೆ. ಮೋಸ ಏನೂ ಇಲ್ಲ. ಫೋಟೋ ಬ್ಯಾಕಪ್ ಆ್ಯಪ್ ಒತ್ತಿದೆ. Foreground 0.1, Background 5.1.

ಅಕ್ಕ ಒಂದು ನಿಮಿಷ ಸುಮ್ಮನಾದಳು. "ಅದನ್ನ ನಾನು ತೆಗೆಯೋದೇ ಇಲ್ವಲ್ಲೋ."

ಅದೇ ವಿಷಯ. ಮೆಸೇಜ್ ಆ್ಯಪ್‌ನಲ್ಲಿ ಹಿನ್ನೆಲೆಯ ಪಾಲು 1.8, ಸ್ಟೋರಿನದ್ದು ಪೂರ್ತಿ 0.6. ಚಿಲ್ಲರೆ ಆ್ಯಪ್‌ಗಳದ್ದು ಸುಮಾರು 0.3. ಎಲ್ಲ ಕೂಡಿಸಿದರೆ 8 ಜಿಬಿ. ಹಾಟ್‌ಸ್ಪಾಟ್‌ನ 2.3 ಕೂಡ ಈ ಫೋನಿನ ಪರದೆಯ ಮೇಲೆ ಯಾರೂ ನೋಡಿದ್ದಲ್ಲ. ಸೇರಿಸಿದರೆ 10.3. ಅವಳ 19.3 ಜಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳಿಗೆ ಕಾಣದೆ ಹೋಗಿತ್ತು. ವಿಡಿಯೋ ಬಿಟ್ಟು ಕೂತರೂ ಎರಡೇ ದಿನ ಉಳಿದದ್ದು ಯಾಕೆ ಅಂತ ಇಲ್ಲಿ ಗೊತ್ತಾಯಿತು.

ಈಜಿನ ವಿಡಿಯೋ

ಫೋಟೋ ಬ್ಯಾಕಪ್ 5.1 ಜಿಬಿಯನ್ನು ಎಲ್ಲಿ ಕಳಿಸಿತು? ನನಗೆ ಮೊದಲು ಬಂದ ಅನುಮಾನ ಮನೆಯ ವೈಫೈ ಮೇಲೆ. ಮಲಗುವ ಕೋಣೆಯಲ್ಲಿ ಸಿಗ್ನಲ್ ಕಡಿಮೆ. ವೈಫೈ ಸೊರಗಿದಾಗ ತಾನಾಗಿ ಮೊಬೈಲ್ ಡೇಟಾಗೆ ಹಾರುವ ಸೌಲಭ್ಯ ಈಗಿನ ಸುಮಾರು ಫೋನ್‌ಗಳಲ್ಲಿ ಇದೆ. ರಾತ್ರಿಯಿಡೀ ಹಾಗೆ ಹಾರಿ ಕೂತಿರಬಹುದಾ ಅಂದುಕೊಂಡೆ. ಪರೀಕ್ಷೆ ಸುಲಭ. ರಾತ್ರಿ 11ಕ್ಕೆ ಒಟ್ಟು ಬಳಕೆ ಬರೆದಿಟ್ಟು, ಮೊಬೈಲ್ ಡೇಟಾ ಆನ್ ಇಟ್ಟೇ ಮಲಗಲು ಹೇಳಿದೆ. ಬೆಳಿಗ್ಗೆ ನೋಡಿದರೆ ಏರಿದ್ದು 12 ಎಂಬಿ ಮಾತ್ರ. ನನ್ನ ಊಹೆ ತಪ್ಪು. ಸೋರಿಕೆ ಇದ್ದದ್ದು ಹಗಲಿನಲ್ಲಿ, ಮನೆಯ ಹೊರಗೆ.

ಹೊರಗೆ ಎಲ್ಲಿ ಫೋಟೋ ವಿಡಿಯೋ ತೆಗೆಯುತ್ತೀಯ ಅಂತ ಕೇಳಿದೆ. ಅವಳ ಮಗಳು ಈಜು ಕಲಿಯುತ್ತಿದ್ದಾಳೆ. ಕೈ ಬೀಸುವುದು ಸರಿ ಇದೆಯಾ ನೋಡಲು ಕೋಚ್ ವಿಡಿಯೋ ಕೇಳುತ್ತಾರೆ. ಕ್ಲಾಸಿಗೆ ಹೋದಾಗೆಲ್ಲ ಒಂದೆರಡು ತುಣುಕು ತೆಗೆದು ಕಳಿಸುತ್ತಾಳೆ. "ಅವೆಲ್ಲ ಹತ್ತಿಪ್ಪತ್ತು ಎಂಬಿ ಕಣೋ" ಅಂದಳು.

ಹತ್ತಿಪ್ಪತ್ತು ಎಂಬಿ ಅನ್ನೋದು ಮೆಸೇಜ್ ಆ್ಯಪ್ ಕುಗ್ಗಿಸಿ ಕಳಿಸಿದ ಪ್ರತಿ. ಫೋನಿನಲ್ಲಿ ಉಳಿಯುವ ಅಸಲಿ ಫೈಲ್ ಬೇರೆಯೇ. ಗ್ಯಾಲರಿಯಲ್ಲಿ ಒಂದು ತುಣುಕು ತೆರೆದು ಅದರ ವಿವರ ನೋಡಿದೆ. 1 ನಿಮಿಷ 40 ಸೆಕೆಂಡು, 4ಕೆ, 520 ಎಂಬಿ ಹತ್ತಿರ. ಸೆಕೆಂಡಿಗೆ 5 ಎಂಬಿಯ ಮೇಲೆ. ಹೊಸ ಫೋನ್ ತೆಗೆದುಕೊಂಡಾಗ ಒಳ್ಳೆ ಕ್ವಾಲಿಟಿ ಇರಲಿ ಅಂತ ಕ್ಯಾಮೆರಾ ಸೆಟ್ಟಿಂಗಿನಲ್ಲಿ 4ಕೆ ಮಾಡಿದ್ದು ನಮ್ಮ ಭಾವನಂತೆ. ಕೋಚ್‌ಗೆ ಹೋದದ್ದು ಕುಗ್ಗಿದ ಪ್ರತಿ, ಬ್ಯಾಕಪ್ ಆ್ಯಪ್ ಎಳೆದುಕೊಂಡು ಹೋದದ್ದು ಅಸಲಿ. ಇಂಥ ಹತ್ತು ತುಣುಕು ಇದ್ದರೆ 5 ಜಿಬಿ ಆಯಿತಲ್ಲ.

ಲೆಕ್ಕ ಹೊಂದಿತು ಅಂತ ಅಷ್ಟಕ್ಕೇ ನಂಬಬಾರದು. ಕಣ್ಣಾರೆ ನೋಡೋಣ ಅಂತ ಇಬ್ಬರೂ ಮನೆ ಮುಂದಿನ ರಸ್ತೆಗೆ ಹೋದೆವು. ವೈಫೈ ಆಫ್ ಮಾಡಿದೆ. ಬ್ಯಾಕಪ್ ಆ್ಯಪ್‌ನ Background ಅಂಕಿ ಬರೆದುಕೊಂಡೆ: 5.10. ಅಕ್ಕ 40 ಸೆಕೆಂಡು ಸುಮ್ನೆ ಮರವನ್ನು ವಿಡಿಯೋ ಮಾಡಿದಳು. ಪರದೆ ಆಫ್ ಮಾಡಿ ಫೋನ್ ಜೇಬಿಗೆ ಹಾಕಿಕೊಂಡು ಕಾಲು ಗಂಟೆ ನಡೆದೆವು. ತೆಗೆದು ನೋಡಿದರೆ 5.31. ಏರಿದ್ದು 210 ಎಂಬಿ, ಆ 40 ಸೆಕೆಂಡಿನ ಫೈಲ್ ಎಷ್ಟಿತ್ತೋ ಅಷ್ಟೇ. ಈ ಪರದೆ ಕೆಲವು ಸಲ ತಡವಾಗಿ ಅಪ್‌ಡೇಟ್ ಆಗುತ್ತೆ. ಅಂಕಿ ಏರಲಿಲ್ಲ ಅಂತ ತಕ್ಷಣ ತೀರ್ಮಾನಕ್ಕೆ ಬರದೆ, ಹಿಂದಕ್ಕೆ ಹೋಗಿ ಮತ್ತೆ ತೆರೆದು ನೋಡಬೇಕು.

ಒಂದು ಮರದ ವಿಡಿಯೋಗೆ 210 ಎಂಬಿ ಟಾಪ್‌ಅಪ್ ಹೋಯಿತು ಅಂತ ಅಕ್ಕ ನನ್ನನ್ನು ಬೈದಳು, ಅದು ಬೇರೆ ಮಾತು.

ನಾನು ಮಾಡಿದ ತಪ್ಪು

ಕಳ್ಳ ಸಿಕ್ಕ ಖುಷಿಯಲ್ಲಿ ನಾನು ಅವಸರ ಮಾಡಿದೆ. ಅದೇ ಪುಟದಲ್ಲಿ, Foreground, Background ಸಾಲುಗಳ ಕೆಳಗೆ Background data ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಆಫ್ ಮಾಡಿ, ಮುಗೀತು ಅಂದೆ.

ಈ ಸ್ವಿಚ್ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇದೆ. ಇದನ್ನು ಆಫ್ ಮಾಡಿದರೆ ಬ್ಯಾಕಪ್ ಪೂರ್ತಿ ನಿಂತೇ ಹೋಗುತ್ತೆ ಅಂತ ಕೆಲವರು ಹೆದರುತ್ತಾರೆ. ಹಾಗಿಲ್ಲ. ಅದು ತಡೆಯುವುದು ಮೊಬೈಲ್ ಡೇಟಾವನ್ನು ಮಾತ್ರ, ಮನೆಗೆ ಬಂದು ವೈಫೈ ಸಿಕ್ಕಿದ ಮೇಲೆ ಆ್ಯಪ್ ಹಿಂದಿನಂತೆ ಕೆಲಸ ಮಾಡುತ್ತೆ. ಇನ್ನೊಂದು ತಪ್ಪು ನನ್ನದು. ಸ್ವಿಚ್ ಆಫ್ ಆದ ಮೇಲೆ ಆ ಆ್ಯಪ್ ಮೊಬೈಲ್ ಡೇಟಾ ಮುಟ್ಟುವುದೇ ಇಲ್ಲ ಅಂದುಕೊಂಡೆ.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. "ಲೋ, ಮತ್ತೆ ಅರ್ಧ ಜಿಬಿ ಹೋಯ್ತು." ನೋಡಿದರೆ Background 5.31ರಲ್ಲೇ ನಿಂತಿತ್ತು, ಆದರೆ Foreground 0.10ರಿಂದ 0.62ಕ್ಕೆ ಜಿಗಿದಿತ್ತು. ಆಗಿದ್ದು ಇಷ್ಟು. ಈಜಿನ ಕ್ಲಾಸಿನಲ್ಲಿ ಹೊಸ ತುಣುಕು ತೆಗೆದಿದ್ದಾಳೆ. ಹಿನ್ನೆಲೆಯಲ್ಲಿ ಅದು ಹೋಗಲಿಲ್ಲ, ಕಾಯುತ್ತಾ ಕೂತಿತು. ಬಸ್ಸಿನಲ್ಲಿ ಹಳೆ ಫೋಟೋ ಯಾರಿಗೋ ತೋರಿಸಲು ಅವಳು ಅದೇ ಆ್ಯಪ್ ತೆರೆದಳು. ತೆರೆದ ಕೂಡಲೇ ಆ್ಯಪ್ ಕಣ್ಣೆದುರಿಗೆ ಬಂತು, ತಡೆ ಹೋಯಿತು, ಕಾಯುತ್ತಿದ್ದ ಫೈಲ್ ಹೊರಟುಬಿಟ್ಟಿತು.

ಅಂದರೆ ಆ ಸ್ವಿಚ್ ಹಿಂದಿನ ಬಾಗಿಲಿಗೆ ಮಾತ್ರ ಬೀಗ. ಮುಂದಿನ ಬಾಗಿಲಿನ ಬೀಗ ಆ್ಯಪ್ ಒಳಗೇ ಇರುತ್ತೆ. ಬ್ಯಾಕಪ್ ಆ್ಯಪ್‌ನ ಸೆಟ್ಟಿಂಗಿಗೆ ಹೋಗಿ, ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಮಾಡುವುದನ್ನು ನಿಲ್ಲಿಸಿದೆ. ಅಲ್ಲಿ ಅದು ಮಿತಿಯೇ ಇಲ್ಲದ ಹಾಗೆ ಇತ್ತು. ಫೋನ್ ಹೊಸದಾಗಿ ಶುರು ಮಾಡುವಾಗ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತವಲ್ಲ, ಆಗ ಯಾವುದಕ್ಕೋ ಸರಿ ಅಂದಿರಬೇಕು. ಅದಾದ ಮೇಲೆ ಇನ್ನೊಮ್ಮೆ ರಸ್ತೆಯಲ್ಲಿ ಮರದ ವಿಡಿಯೋ ತೆಗೆದೆವು, ಈ ಸಲ ಹತ್ತೇ ಸೆಕೆಂಡು. ಆ್ಯಪ್ ತೆರೆದರೂ ಮುಚ್ಚಿದರೂ ಎರಡು ಅಂಕಿಯೂ ಅಲ್ಲಾಡಲಿಲ್ಲ. ಆ್ಯಪ್ ಒಳಗೆ ವೈಫೈಗಾಗಿ ಕಾಯುತ್ತಿದ್ದೇನೆ ಅಂತ ತೋರಿಸಿತು.

ಜೊತೆಗೆ ಕ್ಯಾಮೆರಾವನ್ನು 4ಕೆಯಿಂದ 1080ಪಿಗೆ ಇಳಿಸಿದೆ. ಫೈಲ್ ಅರ್ಧಕ್ಕಿಂತ ಚಿಕ್ಕದಾಗುತ್ತೆ. ಕೋಚ್ ಹೇಗಿದ್ದರೂ ನೋಡುವುದು ಕುಗ್ಗಿದ ಪ್ರತಿಯನ್ನು, ಅದೂ ಫೋನಿನಲ್ಲಿ.

ಇದಕ್ಕೆ ಒಂದು ಬೆಲೆಯೂ ಇದೆ, ಅಕ್ಕನಿಗೆ ಮೊದಲೇ ಹೇಳಿದೆ. ನಾಲ್ಕು ದಿನ ಎಲ್ಲಾದರೂ ಹೋಗಿ ವೈಫೈ ಸಿಗದಿದ್ದರೆ ಆ ನಾಲ್ಕು ದಿನದ ಫೋಟೋ ಫೋನಿನಲ್ಲಿ ಮಾತ್ರ ಇರುತ್ತವೆ. ಫೋನ್ ಕಳೆದರೆ ಅವೂ ಹೋದವು. ಅಂಥ ಸಮಯದಲ್ಲಿ ಕೆಲವು ಆ್ಯಪ್‌ಗಳಲ್ಲಿ ಮೊಬೈಲ್ ಡೇಟಾಗೆ ದಿನಕ್ಕೆ ಇಷ್ಟೇ ಎಂಬಿ ಅಂತ ಚಿಕ್ಕ ಮಿತಿ ಹಾಕುವ ಅವಕಾಶ ಇರುತ್ತೆ. ಫೋಟೋ ಹೋಗುತ್ತವೆ, ದೊಡ್ಡ ವಿಡಿಯೋ ನಿಲ್ಲುತ್ತವೆ.

ಮೆಸೇಜ್ ಆ್ಯಪ್‌ಗೆ ಬೇರೆ ಮದ್ದು

ಮೆಸೇಜ್ ಆ್ಯಪ್‌ನ 1.8 ಜಿಬಿಗೂ Background data ಆಫ್ ಮಾಡಿಬಿಡು ಅಂದಳು ಅಕ್ಕ. ಅದು ಬೇಡ ಅಂದೆ. ಅಲ್ಲಿ ಆಫ್ ಮಾಡಿದರೆ ಮೆಸೇಜು, ಕರೆ ಸಮಯಕ್ಕೆ ಬರುವುದಿಲ್ಲ. ಆ್ಯಪ್ ತೆರೆದಾಗ ಒಟ್ಟಿಗೆ ಸುರಿಯುತ್ತವೆ. ಮಗಳ ಶಾಲೆಯ ಮೆಸೇಜ್ ಸಂಜೆ ನೋಡಿ ಏನು ಪ್ರಯೋಜನ? ಮೆಸೇಜಿನ ಅಕ್ಷರಗಳಿಗೆ ಡೇಟಾ ಬಹಳ ಕಡಿಮೆ ಸಾಕು. ತಿನ್ನುವುದು ಅದರ ಜೊತೆ ಬರುವ ವಿಡಿಯೋ.

ಅಕ್ಕ ಬಳಸುವುದು ವಾಟ್ಸ್ಆ್ಯಪ್. ಅದರ Settings ಒಳಗೆ Storage and data ಇದೆ. ಅಲ್ಲಿ Network usage ಅಂತ ಒಂದು ಪುಟ ಇದೆ, ಅದನ್ನು ತುಂಬಾ ಜನ ನೋಡಿರುವುದಿಲ್ಲ. ಕರೆಗೆ ಎಷ್ಟು, ಮೀಡಿಯಾಗೆ ಎಷ್ಟು, ಮೆಸೇಜಿಗೆ ಎಷ್ಟು, ಸ್ಟೇಟಸ್‌ಗೆ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಕೊಡುತ್ತೆ. ಅದರಲ್ಲಿ ವೈಫೈ ಬಳಕೆಯೂ ಸೇರಿರುತ್ತೆ, ಹಾಗಾಗಿ ಫೋನಿನ ಅಂಕಿಗೆ ಹೊಂದುವುದಿಲ್ಲ. ಆದರೆ ಯಾವುದು ದೊಡ್ಡದು ಅಂತ ತಿಳಿಯಲು ಸಾಕು. ಅಕ್ಕನದ್ದರಲ್ಲಿ ಬಂದ ಮೀಡಿಯಾ ಉಳಿದ ಎಲ್ಲಕ್ಕಿಂತ ಎಷ್ಟೋ ಪಟ್ಟು ಮುಂದಿತ್ತು.

Storage and data ಪುಟದಲ್ಲೇ Media auto-download ಅಂತ ಇದೆ. ಅದರಲ್ಲಿ When using mobile data ಒತ್ತಿದರೆ ನಾಲ್ಕು ಚೌಕ: ಫೋಟೋ, ಆಡಿಯೋ, ವಿಡಿಯೋ, ಡಾಕ್ಯುಮೆಂಟ್. ನಾಲ್ಕಕ್ಕೂ ಟಿಕ್ ಬಿದ್ದಿತ್ತು. ಅವಳು ಇರುವುದು ಹನ್ನೊಂದು ಗುಂಪಿನಲ್ಲಿ. ಒಂದೇ ಶುಭೋದಯ ವಿಡಿಯೋ ಮೂರು ಗುಂಪಿಗೆ ಬಂದಿರುತ್ತೆ ಅಲ್ವಾ? ಅವಳು ತೆರೆದು ನೋಡಲಿ ಬಿಡಲಿ, ಎಲ್ಲ ಬಂದು ಬೀಳುತ್ತಿದ್ದವು. ಫೋಟೋ ಒಂದನ್ನು ಬಿಟ್ಟು ಉಳಿದ ಮೂರರ ಟಿಕ್ ತೆಗೆದೆ. ಈಗ ವಿಡಿಯೋ ಬಂದರೆ ಮಸುಕಾಗಿ ಕಾಣುತ್ತೆ, ಮೇಲೆ ಎಷ್ಟು ಎಂಬಿ ಅಂತ ಬರೆದಿರುತ್ತೆ. ಬೇಕಾದರೆ ಒತ್ತಿ ಇಳಿಸಿಕೊಳ್ಳಬಹುದು. ಆ ಸಂಖ್ಯೆ ಕಣ್ಣಿಗೆ ಕಂಡರೆ ಒತ್ತುವ ಬೆರಳು ತಾನೇ ಹಿಂದೆ ಬರುತ್ತೆ.

ಅದೇ ಆ್ಯಪ್‌ನಲ್ಲಿ Chats ಒಳಗಿನ Chat backup ಪುಟವನ್ನೂ ನೋಡಿದೆ. ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಮಾಡುವ ಸ್ವಿಚ್ ಆಫ್ ಇತ್ತು. ಆನ್ ಇದ್ದಿದ್ದರೆ ಅದೇ ಇನ್ನೊಂದು ದೊಡ್ಡ ತೂತಾಗುತ್ತಿತ್ತು.

ಸ್ಟೋರಿನ 0.6 ಜಿಬಿಗೆ ಹೆಚ್ಚು ಹೇಳಲು ಏನೂ ಇಲ್ಲ. ಆ್ಯಪ್‌ಗಳ ತಾನಾಗಿ ಅಪ್‌ಡೇಟ್ ಆಗುವುದನ್ನು ವೈಫೈಗೆ ಸೀಮಿತ ಮಾಡಿದೆ. ಒಂದೇ ನಿಮಿಷದ ಕೆಲಸ.

ಪಟ್ಟಿಯಲ್ಲಿದ್ದರೂ ಆ್ಯಪ್ ಅಲ್ಲದ ಸಾಲು

ಹಾಟ್‌ಸ್ಪಾಟ್‌ನ 2.3 ಜಿಬಿ ನನಗೆ ಎಲ್ಲಕ್ಕಿಂತ ಕುತೂಹಲದ ಸಾಲು. ಯಾಕಂದರೆ ಫೋನಿನಲ್ಲಿ ಎಷ್ಟೇ ಸ್ವಿಚ್ ಒತ್ತಿದರೂ ಇದು ನಿಲ್ಲುವುದಿಲ್ಲ. ತಿನ್ನುವವರು ಫೋನಿನ ಆಚೆ ಇದ್ದಾರೆ.

ಆ ತಿಂಗಳು ಆಫೀಸಿನ ಲ್ಯಾಪ್‌ಟಾಪಿಗೆ ಮೂರು ಸಲ ಹಾಟ್‌ಸ್ಪಾಟ್ ಕೊಟ್ಟಿದ್ದಳಂತೆ. ಹೊರಗೆ ಕೂತು ನಾಲ್ಕು ಮೇಲ್ ಕಳಿಸಿದ್ದು, ಅಷ್ಟೇ. ನಾಲ್ಕು ಮೇಲ್‌ಗೆ 2 ಜಿಬಿ ಹೇಗೆ ಅಂದರೆ, ಲ್ಯಾಪ್‌ಟಾಪಿಗೆ ಅದು ಫೋನಿನ ಡೇಟಾ ಅಂತ ಗೊತ್ತೇ ಇಲ್ಲ. ಅದರ ಕಣ್ಣಿಗೆ ಹಾಟ್‌ಸ್ಪಾಟ್ ಕೂಡ ಒಂದು ವೈಫೈ. ವೈಫೈ ಸಿಕ್ಕಿತು ಅಂದರೆ ಅಪ್‌ಡೇಟ್ ಇಳಿಸಿಕೊಳ್ಳುತ್ತೆ, ಕ್ಲೌಡ್ ಫೋಲ್ಡರ್ ಸಿಂಕ್ ಮಾಡುತ್ತೆ. ವೈಫೈನಲ್ಲಿ ಮಾತ್ರ ಅಂತ ಹಾಕಿದ ನಿಯಮಗಳೆಲ್ಲ ಇಲ್ಲಿ ಉಲ್ಟಾ ಹೊಡೆಯುತ್ತವೆ.

ಒಂದು ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದು ಆಂಡ್ರಾಯ್ಡ್ ಸೇರಿದರೆ, ಇದು ಅಳೆದು ಕೊಡುವ ಡೇಟಾ ಅಂತ ಸೂಚನೆ ಹೋಗುತ್ತೆ, ಆ ಕಡೆಯದು ಸ್ವಲ್ಪ ಹಿಡಿತದಲ್ಲಿ ಇರುತ್ತೆ. ಲ್ಯಾಪ್‌ಟಾಪಿಗೆ ನಾವೇ ಹೇಳಬೇಕು. ಅಕ್ಕನದ್ದು ವಿಂಡೋಸ್. ಹಾಟ್‌ಸ್ಪಾಟಿಗೆ ಸೇರಿಸಿದ ಮೇಲೆ Settings, Network & internet, Wi-Fi, ಅಲ್ಲಿ ಆ ಹಾಟ್‌ಸ್ಪಾಟಿನ properties ತೆರೆದು Metered connection ಆನ್ ಮಾಡಿದೆ. ಇದು ಆ ಒಂದು ನೆಟ್‌ವರ್ಕ್ ಹೆಸರಿಗೆ ಮಾತ್ರ ಅಂಟಿಕೊಳ್ಳುತ್ತೆ, ಮನೆಯ ವೈಫೈಗೆ ಏನೂ ಆಗುವುದಿಲ್ಲ. ಆದರೆ ಮುಂದೆ ಫೋನಿನ ಹಾಟ್‌ಸ್ಪಾಟ್ ಹೆಸರು ಬದಲಿಸಿದರೆ ಲ್ಯಾಪ್‌ಟಾಪಿಗೆ ಅದು ಹೊಸ ವೈಫೈ. ಮತ್ತೆ ಆನ್ ಮಾಡಬೇಕು.

ಲಿಮಿಟ್ ಎಷ್ಟಕ್ಕೆ

ಇಷ್ಟಾದ ಮೇಲೆ ಲಿಮಿಟ್ ಹಾಕಲು ಕೂತೆ. ಸೋರಿಕೆ ಮುಚ್ಚುವ ಮುಂಚೆ ಲಿಮಿಟ್ ಹಾಕಿದ್ದರೆ ಕಂಪನಿ ನಿಲ್ಲಿಸುವ ಬದಲು ಫೋನ್ ನಿಲ್ಲಿಸುತ್ತಿತ್ತು. ಅದೂ 18ನೇ ದಿನಕ್ಕೇ.

ಮೊದಲು ಮುಂದಿನ ತಿಂಗಳಿಗೆ ಎಷ್ಟು ಬೇಕಾಗಬಹುದು ಅಂತ ನೋಡಿದೆವು. 18 ದಿನಕ್ಕೆ ವಿಡಿಯೋ 6.9 ಅಂದರೆ 30 ದಿನಕ್ಕೆ ಹನ್ನೊಂದೂವರೆ. ಮೆಸೇಜಿಗೆ ಎರಡು, ಎರಡೂವರೆ. ಚಿಲ್ಲರೆಗೆ ಎರಡು. ಹಾಟ್‌ಸ್ಪಾಟಿಗೆ ಅರ್ಧ. ಒಟ್ಟು ಹದಿನಾರು ಹದಿನೇಳರ ಹತ್ತಿರ, 20ರ ಒಳಗೇ ಇದೆ. "ಹಂಗಾದ್ರೆ ಬಸ್ಸಲ್ಲಿ ವಿಡಿಯೋ ನೋಡಬಹುದಾ?" ಅಂದಳು. ನೋಡು ಅಂದೆ. ವಿಡಿಯೋ ಕ್ವಾಲಿಟಿ ಇಳಿಸುವ ಮಾತೂ ಎತ್ತಲಿಲ್ಲ. ಲೆಕ್ಕ ಹೊಂದುತ್ತಿರುವಾಗ ಅವಳಿಗೆ ಇರುವ ಆ ಅರ್ಧ ಗಂಟೆಯನ್ನು ಮಸುಕು ಮಾಡುವುದು ಯಾಕೆ?

Data warning & limit ಪುಟದಲ್ಲಿ ಎರಡು ಸ್ವಿಚ್ ಇವೆ. ಎಚ್ಚರಿಕೆ ಬರೀ ಒಂದು ನೋಟಿಫಿಕೇಶನ್, ಏನನ್ನೂ ನಿಲ್ಲಿಸುವುದಿಲ್ಲ. ಲಿಮಿಟ್ ತಲುಪಿದರೆ ಫೋನ್ ಮೊಬೈಲ್ ಡೇಟಾವನ್ನೇ ಬಂದ್ ಮಾಡುತ್ತೆ. ಸುಮಾರು ಜನ ಎಚ್ಚರಿಕೆಯನ್ನು 18ಕ್ಕೆ, 19ಕ್ಕೆ ಇಡುತ್ತಾರೆ. ಅಷ್ಟು ಹೊತ್ತಿಗೆ ಎಚ್ಚೆತ್ತು ಮಾಡುವುದೇನು? ನಾನು ಅದನ್ನು 10 ಜಿಬಿಗೆ, ಅಂದರೆ ಸರಿಯಾಗಿ ಅರ್ಧಕ್ಕೆ ಇಟ್ಟೆ. ಅದು ಬಂದ ದಿನವೇ ಸುದ್ದಿ. 15ನೇ ದಿನದ ಆಚೆ ಬಂದರೆ ಎಲ್ಲ ಸರಿ ಇದೆ. 11ನೇ ದಿನಕ್ಕೇ ಬಂದರೆ ಎಲ್ಲೋ ಹೊಸ ತೂತು ಬಿದ್ದಿದೆ, ಹುಡುಕಲು ಇನ್ನೂ ಸಮಯ ಇದೆ.

ಲಿಮಿಟ್ 19ಕ್ಕೆ ಹಾಕಿದೆ, 20ಕ್ಕಲ್ಲ. ಆಗ ಹೇಳಿದ ವ್ಯತ್ಯಾಸ ಇಲ್ಲಿ ಬೇಕಾಗುತ್ತೆ. ಫೋನ್ 19.3 ಅಂದಾಗಲೇ ಕಂಪನಿ 20 ಅಂದಿತ್ತು. ಫೋನಿನಲ್ಲಿ 20 ಅಂತ ಹಾಕಿದರೆ ಆ ಲಿಮಿಟ್ ಬರುವುದೇ ಇಲ್ಲ. ಪ್ಲಾನ್ 28 ದಿನದ್ದಾಗಿದ್ದರೆ ಇನ್ನೊಂದು ತೊಡಕು ಇದೆ. ಆಂಡ್ರಾಯ್ಡ್‌ನ ಲೆಕ್ಕ ತಿಂಗಳ ತಾರೀಖಿನ ಮೇಲೆ ನಡೆಯುತ್ತೆ, ಪ್ಲಾನ್ ಹೆಚ್ಚಿನ ತಿಂಗಳು ಎರಡು ಮೂರು ದಿನ ಹಿಂದಕ್ಕೆ ಜಾರುತ್ತೆ. ಅಂಥವರು ರೀಚಾರ್ಜ್ ಮಾಡಿದ ದಿನವೇ ಸೈಕಲ್ ತಾರೀಖನ್ನೂ ಬದಲಿಸಿಕೊಳ್ಳಬೇಕು.

Data Saver ಅಂತ ಒಂದು ದೊಡ್ಡ ಸ್ವಿಚ್ ಇದೆಯಲ್ಲ, ಅದನ್ನೇ ಹಾಕಿಬಿಡಬಹುದಿತ್ತಲ್ವಾ ಅಂತ ಭಾವ ಕೇಳಿದರು. ಹಾಕಬಹುದು. ಅದು ಮೊಬೈಲ್ ಡೇಟಾದಲ್ಲಿ ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳ ಹಿನ್ನೆಲೆಯ ಕೆಲಸವನ್ನೂ ಒಟ್ಟಿಗೆ ನಿಲ್ಲಿಸುತ್ತೆ. ಮೆಸೇಜ್, ಮೇಲ್ ಮುಂತಾದವಕ್ಕೆ ಒಂದೊಂದಾಗಿ ವಿನಾಯಿತಿ ಕೊಡುತ್ತಾ ಕೂರಬೇಕು. ಸಾಮಾನ್ಯವಾಗಿ ಅದು ಆನ್ ಇದ್ದಾಗ ಹಾಟ್‌ಸ್ಪಾಟ್ ಕೂಡ ಕೊಡಲಾಗುವುದಿಲ್ಲ. ಮುಖ್ಯವಾಗಿ, ಯಾವ ಆ್ಯಪ್ ಎಷ್ಟು ತಿನ್ನುತ್ತಿತ್ತು ಅಂತ ಗೊತ್ತೇ ಆಗುವುದಿಲ್ಲ. ಎರಡು ಜಿಬಿ ಉಳಿದು ಐದು ದಿನ ಬಾಕಿ ಇದ್ದರೆ ಹಾಕಿಕೊಳ್ಳಲಿ. ತಿಂಗಳು ಪೂರ್ತಿ ಹಾಕಿಡಲು ನಾನು ಹೇಳುವುದಿಲ್ಲ.

ಭಾವನದ್ದು ಐಫೋನ್. ಅಲ್ಲಿ ಇಷ್ಟು ಕೈಗೆ ಸಿಗುವುದಿಲ್ಲ. ಆ್ಯಪ್ ಪ್ರಕಾರ ಪಟ್ಟಿ ಇದೆ, ಆದರೆ ಕಣ್ಣೆದುರು ಎಷ್ಟು, ಹಿನ್ನೆಲೆಯಲ್ಲಿ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಪಟ್ಟಿಯಲ್ಲಿನ ಅಂಕಿ ಪ್ಲಾನ್ ಜೊತೆ ಸೊನ್ನೆಯಾಗುವುದಿಲ್ಲ, ಪ್ಲಾನ್ ಶುರುವಾದ ದಿನ ಕೆಳಗಿನ Reset Statistics ನಾವೇ ಒತ್ತಬೇಕು. ಅವರಿಗೆ General ಒಳಗಿನ Background App Refresh ಅನ್ನು ವೈಫೈಗೆ ಮಾತ್ರ ಅಂತ ಮಾಡಿಕೊಟ್ಟೆ. ಫೋಟೋ ಬ್ಯಾಕಪ್ ಸ್ವಿಚ್ ಅಲ್ಲೂ ಬೇರೆಯೇ ಇದೆ.

ಮುಂದಿನ 9ರಿಂದ 8ರವರೆಗೆ

ಅರ್ಧದ ಎಚ್ಚರಿಕೆ 18ನೇ ದಿನ ಬಂತು. ಹಿಂದಿನ ತಿಂಗಳು ಪ್ಲಾನೇ ಮುಗಿದಿದ್ದ ದಿನ ಅದು. ಅಕ್ಕ ಆ ನೋಟಿಫಿಕೇಶನ್ನಿನ ಸ್ಕ್ರೀನ್‌ಶಾಟ್ ಕಳಿಸಿದಳು.

8ನೇ ತಾರೀಖು ರಾತ್ರಿ ಒಟ್ಟು 16.8 ಜಿಬಿ. ವಿಡಿಯೋ 11.6, ಮೆಸೇಜ್ ಆ್ಯಪ್ 2.3, ಅದರಲ್ಲಿ ಹಿನ್ನೆಲೆಯದ್ದು 0.4 ಮಾತ್ರ. ಫೋಟೋ ಬ್ಯಾಕಪ್ 0.1. ಹಾಟ್‌ಸ್ಪಾಟ್ 0.4. ಉಳಿದ ಆ್ಯಪ್‌ಗಳು 2.1. ಇದರ ಜೊತೆ ಹಿಂದಿನ ತಿಂಗಳು ಇಲ್ಲದಿದ್ದ ಒಂದು ಸಾಲು ಇತ್ತು: Removed apps, 0.3. ತೆಗೆದುಹಾಕಿದ ಆ್ಯಪ್‌ಗಳ ಬಳಕೆಯನ್ನೆಲ್ಲ ಫೋನ್ ಈ ಒಂದೇ ಹೆಸರಿನ ಕೆಳಗೆ ಸೇರಿಸಿಡುತ್ತೆ. ಯಾವ ಆ್ಯಪ್ ಅಂತ ಹೇಳುವುದಿಲ್ಲ.

ಯಾರು ಏನು ಹಾಕಿ ತೆಗೆದರು ಅಂತ ಅಕ್ಕ ಮಗಳ ಮುಖ ನೋಡಿದಳು. ಮಗಳು ಎದ್ದು ಒಳಗೆ ಹೋದಳು.